ಪೆಟ್ಟಿಗೆ ತುಂಬಿದೆ, ಮರಳು ತುಂಬಿಲ್ಲ

ಒಂದು ಲೀಟರ್ ಹಿಡಿಯುವ ಪಾತ್ರೆಗೆ ಒಣ ಮರಳನ್ನು ಸಡಿಲವಾಗಿ ಸುರಿದು, ಅಂಚಿಗೆ ಸರಿಯಾಗಿ ಸವರಿ ತೂಗಿದರೆ ಸುಮಾರು 1.6 ಕಿಲೋ ಬರುತ್ತದೆ. ಈಗ ಅದೇ ಮರಳಿಗೆ ಅದರ ತೂಕದ ನೂರಕ್ಕೆ ಐದರಷ್ಟು ನೀರು ಚಿಮುಕಿಸಿ, ಚೆನ್ನಾಗಿ ಕಲಸಿ, ಅದೇ ಪಾತ್ರೆಗೆ ಅದೇ ರೀತಿ ಸುರಿದು ತೂಗಿ ನೋಡಿ. ನೀರು ಸೇರಿದ ಮೇಲೆ ತೂಕ ಏರಬೇಕಲ್ಲವೇ? ತಕ್ಕಡಿ ತೋರಿಸುವುದು 1.3 ಕಿಲೋ ಆಸುಪಾಸು. ಪಾತ್ರೆ ತುಂಬಿಯೇ ಇದೆ, ಒಳಗೆ ನೀರೂ ಇದೆ, ಆದರೂ ತೂಕ ಇಳಿದಿದೆ. ಕಾರಣ ಇಷ್ಟೇ: ಪಾತ್ರೆಯಲ್ಲಿ ಮರಳು ಕಡಿಮೆಯಾಗಿದೆ, ಅದರ ಜಾಗವನ್ನು ಗಾಳಿ ಹಿಡಿದಿದೆ. ಕಾಂಕ್ರೀಟಿಗೆ ಪೆಟ್ಟಿಗೆ ಲೆಕ್ಕದಲ್ಲಿ ಮರಳು ಅಳೆಯುವ ಕಡೆಯೆಲ್ಲ ಈ ಗಾಳಿಯೂ ಮರಳಿನ ಲೆಕ್ಕಕ್ಕೇ ಜಮೆಯಾಗುತ್ತದೆ.

ಇದಕ್ಕೆ ಮರಳಿನ ಉಬ್ಬು ಎನ್ನುತ್ತಾರೆ. ಎಂಜಿನಿಯರುಗಳ ಬಾಯಲ್ಲಿ ಬಲ್ಕಿಂಗ್. ಮರಳು ನೀರು ಕುಡಿದು ಊದಿಕೊಳ್ಳುತ್ತದೆ ಎಂಬ ವಿವರಣೆಯನ್ನು ಓದಿದವರೂ ಹೇಳುತ್ತಾರೆ. ಅದು ತಪ್ಪು. ಮರಳಿನ ಕಣ ಕಲ್ಲಿನ ಚೂರು. ನೀರಿನಲ್ಲಿ ವರ್ಷಗಟ್ಟಲೆ ನೆನೆಸಿಟ್ಟರೂ ಅದರ ಗಾತ್ರ ಬದಲಾಗುವುದಿಲ್ಲ. ಬದಲಾಗುವುದು ಕಣಗಳು ಒಂದರ ಪಕ್ಕ ಒಂದು ಕೂರುವ ಬಗೆ.

ಒಣ ಮರಳನ್ನು ಸುರಿದಾಗ ಕಣಗಳು ಒಂದರ ಮೇಲೊಂದು ಜಾರಿ, ಸಿಕ್ಕ ಸಂದಿಗೆ ಇಳಿದು ಕೂರುತ್ತವೆ. ಸ್ವಲ್ಪ ತೇವ ಬಂದ ಕೂಡಲೇ ಎರಡು ಕಣಗಳು ತಾಗುವ ಕಡೆ ನೀರಿನ ಪುಟ್ಟ ಸೇತುವೆಯೊಂದು ಮೂಡುತ್ತದೆ. ಅದರ ಅಂಚು ಒಳಕ್ಕೆ ಬಾಗಿರುತ್ತದೆ, ಮೇಲ್ಮೈ ಎಳೆತ ಎರಡೂ ಕಣಗಳನ್ನು ಪರಸ್ಪರ ಎಳೆದು ಹಿಡಿಯುತ್ತದೆ. ಇಲ್ಲೊಂದು ಸೊಗಸಾದ ವಿರೋಧಾಭಾಸವಿದೆ. ಕಣಗಳನ್ನು ಹತ್ತಿರಕ್ಕೆ ಎಳೆಯುವ ಬಲದಿಂದ ರಾಶಿ ಕುಗ್ಗಬೇಕಿತ್ತು, ಅದು ಹಿಗ್ಗುತ್ತದೆ. ಬಿದ್ದ ಕಣ ಮೊದಲು ತಾಗಿದ ಕಣಕ್ಕೇ ಅಂಟಿಕೊಂಡು ನಿಂತುಬಿಡುವುದೇ ಇದಕ್ಕೆ ಕಾರಣ. ಕೆಳಗೆ ಸಂದಿಯಿದ್ದರೂ ಅದು ಜಾರಿ ಇಳಿಯುವುದಿಲ್ಲ. ಹೀಗೆ ನಿಂತ ಕಣಗಳ ನಡುವೆ ಪೊಳ್ಳು ಜಾಗ ಉಳಿಯುತ್ತದೆ. ಮಕ್ಕಳು ಪಾದದ ಮೇಲೆ ಹಸಿ ಮರಳು ತಟ್ಟಿ ಕಟ್ಟುವ ಗುಬ್ಬಿಗೂಡು ಕಾಲು ಎಳೆದುಕೊಂಡ ಮೇಲೂ ಕುಸಿಯದೆ ನಿಲ್ಲುವುದು ಇದೇ ಸೇತುವೆಗಳಿಂದ.

ಈ ಬಲ ಎಷ್ಟು ದೊಡ್ಡದು? ಅರ್ಧ ಮಿಲಿಮೀಟರ್ ವ್ಯಾಸದ ದುಂಡು ಕಣವನ್ನು ಇಟ್ಟುಕೊಂಡು ಲೆಕ್ಕ ಹಾಕಿದರೆ, ಒಂದು ನೀರಿನ ಸೇತುವೆಯ ಎಳೆತ ಹೆಚ್ಚೆಂದರೆ ಕಣದ ಸ್ವಂತ ತೂಕದ ಸುಮಾರು 65 ಪಟ್ಟು. ನಿಜವಾದ ಮರಳು ಒರಟಾದ್ದರಿಂದ ಇದು ಇಳಿಯುತ್ತದೆ, ಆದರೂ ತೂಕವನ್ನು ಸುಲಭವಾಗಿ ಸೋಲಿಸುತ್ತದೆ. ಕಣ 2 ಮಿಲಿಮೀಟರ್ ಆದರೆ ಎಳೆತ ತೂಕದ 4 ಪಟ್ಟು ಮಾತ್ರ. 5 ಮಿಲಿಮೀಟರ್ ಆದರೆ ತೂಕವೇ ಎಳೆತವನ್ನು ಮೀರುತ್ತದೆ. ವ್ಯಾಸ ಇಮ್ಮಡಿಯಾದಾಗ ಎಳೆತ ಇಮ್ಮಡಿಯಾಗುತ್ತದೆ, ತೂಕ ಎಂಟು ಪಟ್ಟಾಗುತ್ತದೆ, ಅದಕ್ಕೆ. ನುಣ್ಣನೆಯ ಮರಳು ದಪ್ಪ ಮರಳಿಗಿಂತ ಹೆಚ್ಚು ಉಬ್ಬುವುದು ಏಕೆ, ಜಲ್ಲಿ ಒದ್ದೆಯಾದರೂ ಅದರ ಅಳತೆಯನ್ನು ತಿದ್ದುವ ಗೊಡವೆ ಏಕಿಲ್ಲ ಎಂಬ ಎರಡು ಪ್ರಶ್ನೆಗಳಿಗೂ ಉತ್ತರ ಈ ಒಂದೇ ಲೆಕ್ಕದಲ್ಲಿದೆ.

ದುಂಡು ಕಣಗಳ ನಡುವಿನ ಈ ಬಲವನ್ನು ಮೊದಲು ಲೆಕ್ಕ ಹಾಕಿದವರ ತಲೆಯಲ್ಲಿ ಕಾಂಕ್ರೀಟ್ ಇರಲಿಲ್ಲ, ಹೊಲದ ಮಣ್ಣಿತ್ತು. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1925ರಲ್ಲಿ ಹೈನ್ಸ್ ಎಂಬುವರು ಇದರ ಸೂತ್ರ ಕೊಟ್ಟರು. ಮರುವರ್ಷ ಅದನ್ನು ತಿದ್ದಿ ಬರೆದವರು ಆರ್. ಎ. ಫಿಶರ್; ಸಂಖ್ಯಾಶಾಸ್ತ್ರ ಕಲಿತವರೆಲ್ಲ ಹೆಸರು ಕೇಳಿರುವ ಅದೇ ಫಿಶರ್.

ನೀರು ಹೆಚ್ಚಿದಂತೆ ಉಬ್ಬೂ ಹೆಚ್ಚುತ್ತಲೇ ಹೋಗುತ್ತದೆ ಎಂದುಕೊಳ್ಳಬಾರದು. ಸಾಮಾನ್ಯವಾಗಿ ತೇವ ನೂರಕ್ಕೆ 4ರಿಂದ 8ರ ನಡುವೆ ಇರುವಾಗ ಉಬ್ಬು ತುದಿ ಮುಟ್ಟುತ್ತದೆ. ಸಾಧಾರಣ ಮರಳಿನಲ್ಲಿ ಶೇ. 20ರಿಂದ 30, ಬಹಳ ನುಣುಪಾದದ್ದರಲ್ಲಿ ಶೇ. 40ರವರೆಗೆ. ಆಮೇಲೆ ನೀರು ಸೇರಿದಷ್ಟೂ ಸೇತುವೆಗಳು ಒಂದರಲ್ಲೊಂದು ಕರಗುತ್ತವೆ. ಸಂದಿಗಳೆಲ್ಲ ನೀರಿನಿಂದಲೇ ತುಂಬಿದಾಗ ಒಳಗೆ ಗಾಳಿ ಇಲ್ಲ. ಗಾಳಿ ಇಲ್ಲದಿದ್ದರೆ ಬಾಗಿದ ಅಂಚೂ ಇಲ್ಲ, ಎಳೆತವೂ ಇಲ್ಲ. ಕಣಗಳು ಬಿಡಿಬಿಡಿಯಾಗಿ ತಳಕ್ಕೆ ಇಳಿಯುತ್ತವೆ, ಮರಳು ಒಣಗಿದ್ದಾಗಿನ ಗಾತ್ರಕ್ಕೇ ಹೆಚ್ಚುಕಡಿಮೆ ಮರಳುತ್ತದೆ. ಉಬ್ಬು ಅಳೆಯಲು ಮರಳನ್ನು ಒಣಗಿಸಬೇಕಾಗಿಲ್ಲ, ಮುಳುಗಿಸಿದರೆ ಸಾಕು ಎಂಬ ಅನುಕೂಲ ಬಂದದ್ದು ಇದರಿಂದಲೇ.

ಪರೀಕ್ಷೆಗೆ 250 ಮಿಲಿಲೀಟರಿನ ಅಳತೆ ಜಾಡಿ ಬೇಕು. ರಾಶಿಯ ಮೇಲ್ಪದರ ಬಿಸಿಲಿಗೆ ಒಣಗಿರುತ್ತದೆ, ಬುಡದಲ್ಲಿ ನೀರು ಇಳಿದು ನಿಂತಿರುತ್ತದೆ. ಆದ್ದರಿಂದ ನಾಲ್ಕಾರು ಕಡೆ ಸಲಿಕೆ ಒಳಕ್ಕಿಳಿಸಿ ತೆಗೆದು ಬೆರೆಸಿದ ಮರಳನ್ನೇ ಬಳಸಬೇಕು. ಅದನ್ನು ಜಾಡಿಗೆ 200ರ ಗೆರೆಯವರೆಗೆ ಸಡಿಲವಾಗಿ ಸುರಿಯಿರಿ. ಕುಟ್ಟಬಾರದು, ಜಾಡಿಯನ್ನು ನೆಲಕ್ಕೆ ತಟ್ಟಲೂಬಾರದು, ಏಕೆಂದರೆ ಅಳತೆ ಪೆಟ್ಟಿಗೆಗೆ ಮರಳು ಬೀಳುವುದು ಸಡಿಲವಾಗಿಯೇ. ಆಮೇಲೆ ಮರಳು ಪೂರ್ತಿ ಮುಳುಗುವಷ್ಟು ನೀರು ಹಾಕಿ, ತೆಳುವಾದ ಕಂಬಿಯಿಂದ ತಳದವರೆಗೂ ಕದಡಿ. ಗುಳ್ಳೆ ಬರುವುದು ನಿಲ್ಲುವವರೆಗೂ ಕದಡಬೇಕು. ಮರಳು ತಳ ಕಂಡ ಮೇಲೆ ಅದರ ಮಟ್ಟ ಓದಿ. ಮೇಲೆ ಬಗ್ಗಡದ ನುಣ್ಣನೆಯ ಪದರ ಕೂತಿದ್ದರೆ ಅದನ್ನು ಬಿಟ್ಟು, ಮರಳಿನ ಮಟ್ಟವನ್ನೇ ಹಿಡಿಯಬೇಕು.

ಮಟ್ಟ 156ಕ್ಕೆ ಇಳಿಯಿತು ಎನ್ನೋಣ. ಇಳಿದದ್ದು 44. ಹೆಚ್ಚಿನವರು ಎಡವುವುದು ಇಲ್ಲೇ. 44ನ್ನು 200ರಿಂದ ಭಾಗಿಸಿ ಉಬ್ಬು ಶೇ. 22 ಎಂದುಬಿಡುತ್ತಾರೆ. ನಮಗೆ ಬೇಕಾದದ್ದು ನಿಜವಾದ ಮರಳಿಗೆ ಹೋಲಿಸಿದರೆ ಎಷ್ಟು ಉಬ್ಬಿದೆ ಎಂಬುದು, ಆದ್ದರಿಂದ ಭಾಗಿಸಬೇಕಾದದ್ದು 156ರಿಂದ. ಉಬ್ಬು ಶೇ. 28. ಶೇ. 22 ಎಂಬುದೂ ಒಂದು ನಿಜವೇ, ಆದರೆ ಬೇರೆ ನಿಜ: ತೇವದ ಮರಳಿನ ಪೆಟ್ಟಿಗೆಯಲ್ಲಿ ಎಷ್ಟು ಕೊರತೆ ಇದೆ ಎಂಬುದನ್ನು ಅದು ಹೇಳುತ್ತದೆ.

ಈಗ 1:1.5:3 ಮಿಶ್ರಣ ತೆಗೆದುಕೊಳ್ಳೋಣ. 50 ಕಿಲೋ ಸಿಮೆಂಟಿನ ಒಂದು ಮೂಟೆಯ ಗಾತ್ರ 35 ಲೀಟರ್. ಹಾಗಾದರೆ ಒಣ ಮರಳು 52.5 ಲೀಟರ್, ಜಲ್ಲಿ 105 ಲೀಟರ್ ಬೇಕು. ಮರಳು ಶೇ. 28 ಉಬ್ಬಿರುವುದರಿಂದ 52.5ನ್ನು 1.28ರಿಂದ ಗುಣಿಸಿ 67.2 ಲೀಟರ್ ಅಳೆಯಬೇಕು. ಸಿಮೆಂಟ್ ಮತ್ತು ಜಲ್ಲಿಯನ್ನು ಮುಟ್ಟುವಂತಿಲ್ಲ.

ತಿದ್ದದೆ 52.5 ಲೀಟರನ್ನೇ ಹಾಕಿದರೆ ಅದರೊಳಗೆ ಇರುವುದು 41 ಲೀಟರಿನಷ್ಟು ಮರಳು. ಮಿಶ್ರಣ 1:1.17:3 ಆಗಿಬಿಡುತ್ತದೆ. ಸಿಮೆಂಟಿನ ಪಾಲು ಹೆಚ್ಚಿತಲ್ಲ, ಒಳ್ಳೆಯದೇ ಆಯಿತು ಎಂದು ಸಮಾಧಾನ ಹೇಳುವವರಿದ್ದಾರೆ. ಮರಳು ಮತ್ತು ಜಲ್ಲಿಯ ಒಟ್ಟು ತೂಕದಲ್ಲಿ ಮರಳಿನ ಪಾಲು ಸುಮಾರು ಶೇ. 35 ಇರಬೇಕಾದದ್ದು ಶೇ. 29ಕ್ಕೆ ಇಳಿದಿರುತ್ತದೆ. ಅಂಥ ಕಾಂಕ್ರೀಟ್ ಸಲಿಕೆಗೆ ಒರಟಾಗಿ ಸಿಗುತ್ತದೆ. ಕರಣೆಯಿಂದ ಉಜ್ಜಿದರೆ ಮೇಲ್ಮೈ ಮುಚ್ಚಿಕೊಳ್ಳುವುದಿಲ್ಲ, ಜಲ್ಲಿ ಇಣುಕುತ್ತದೆ. ಸುರಿಯುವಾಗ ಜಲ್ಲಿ ಬೇರೆ, ಹಾಲು ಬೇರೆಯಾಗುತ್ತದೆ. ಕಂಬಿಗಳು ದಟ್ಟವಾಗಿರುವ ಕಡೆ ಗಾರೆ ತುಂಬಿಕೊಳ್ಳದೆ, ಹಲಗೆ ಬಿಚ್ಚಿದಾಗ ಜೇನುಗೂಡಿನಂಥ ತೂತುಗಳು ಕಾಣುತ್ತವೆ. ಜೊತೆಗೆ ಮೂಟೆಯೊಂದಕ್ಕೆ ಸುಮಾರು 7 ಲೀಟರ್ ಕಾಂಕ್ರೀಟ್ ಕಡಿಮೆ ಬರುತ್ತದೆ. ಲೆಕ್ಕ ಹಾಕಿ ತರಿಸಿದ ಸಿಮೆಂಟ್ ಚಾವಣಿ ಮುಗಿಯುವ ಮೊದಲೇ ಖಾಲಿಯಾದರೆ ಮರಳಿನ ಕಡೆಗೂ ಒಮ್ಮೆ ನೋಡಬೇಕು.

ಒರಟು ಮಿಶ್ರಣ ಕಂಡಾಗ ಕೈ ತಾನಾಗಿ ನೀರಿನ ಬಕೆಟ್ಟಿಗೆ ಹೋಗುತ್ತದೆ. ಇದು ಮೊದಲನೆಯದಕ್ಕಿಂತ ಕೆಟ್ಟ ತಪ್ಪು. ಮರಳಿನಲ್ಲಿ ಆಗಲೇ ನೀರಿದೆ, ಅದನ್ನು ಲೆಕ್ಕದಿಂದ ಕಳೆಯಬೇಕಾಗಿತ್ತು. 52.5 ಲೀಟರ್ ಒಣ ಮರಳೆಂದರೆ 84 ಕಿಲೋ. ತೇವ ಶೇ. 5 ಇದ್ದು, ಅದರಲ್ಲಿ ಶೇ. 1ರಷ್ಟು ಕಣಗಳೊಳಗೇ ಹೀರಿಕೊಂಡಿದೆ ಎಂದಿಟ್ಟುಕೊಂಡರೆ ಮಿಶ್ರಣಕ್ಕೆ ಬಿಡುಗಡೆಯಾಗುವ ನೀರು ಸುಮಾರು 3.4 ಲೀಟರ್. ಮೂಟೆಗೆ 25 ಲೀಟರ್ ನೀರೆಂದು ನಿಗದಿಯಾಗಿದ್ದರೆ ಹೊರಗಿನಿಂದ ಹಾಕಬೇಕಾದದ್ದು 21.6 ಲೀಟರ್. ಪೂರ್ತಿ 25 ಹಾಕಿದರೆ ನೀರು-ಸಿಮೆಂಟ್ ಅನುಪಾತ 0.50 ಇರಬೇಕಾದದ್ದು 0.57ಕ್ಕೆ ಏರುತ್ತದೆ, ಬಲ ಅದಕ್ಕೆ ತಕ್ಕಂತೆ ಕುಸಿಯುತ್ತದೆ. ಗಾತ್ರದ ತಿದ್ದುಪಡಿ, ನೀರಿನ ತಿದ್ದುಪಡಿ ಎರಡೂ ಒಟ್ಟಿಗೆ ಆಗಬೇಕು.

ಪ್ರತಿ ಬಾರಿ 67.2 ಲೀಟರ್ ಅಳೆಯುವುದು ಹೇಗೆ? ಒಳ ಅಳತೆ 40 ಸೆಂ.ಮೀ. ಉದ್ದ, 35 ಸೆಂ.ಮೀ. ಅಗಲ, 25 ಸೆಂ.ಮೀ. ಎತ್ತರ ಇರುವ ಪೆಟ್ಟಿಗೆ ಸರಿಯಾಗಿ 35 ಲೀಟರ್ ಹಿಡಿಯುತ್ತದೆ. ಮರಳಿಗೆಂದೇ ಇಂಥದ್ದೊಂದನ್ನು ಬೇರೆ ಇಟ್ಟು, ಅದರ ತಳಕ್ಕೆ 1 ಸೆಂ.ಮೀ. ದಪ್ಪದ ಹಲಗೆ ಹಾಸಿ. ಎತ್ತರ 24 ಸೆಂ.ಮೀ. ಆಯಿತು, ಗಾತ್ರ 33.6 ಲೀಟರ್. ಅಂಚಿಗೆ ಸವರಿದ ಎರಡು ಪೆಟ್ಟಿಗೆ ಸುರಿದರೆ 67.2 ಲೀಟರ್ ಬಂತು. ಉಬ್ಬು ಬದಲಾದರೆ ಹಲಗೆಯ ದಪ್ಪ ಬದಲಿಸಿದರೆ ಮುಗಿಯಿತು. ಒಣ ಮರಳಿಗೆ ಬೇಕಾದ ಎತ್ತರ 18.75 ಸೆಂ.ಮೀ., ಉಬ್ಬು ಎಷ್ಟಿದೆಯೋ ಅದರಿಂದ ಅದನ್ನು ಹೆಚ್ಚಿಸಬೇಕು. ಗೆರೆ ಎಳೆದು ಅಲ್ಲಿಯವರೆಗೆ ತುಂಬಿ ಎಂದು ಹೇಳುವುದಕ್ಕಿಂತ ಇದು ಮೇಲು, ಅಂಚಿಗೆ ಸವರುವಾಗ ಕಣ್ಣಂದಾಜಿಗೆ ಜಾಗವಿಲ್ಲ.

ಹೊಸ ಲೋಡ್ ಬಂದಾಗ, ಮಳೆ ಬಿದ್ದ ಮೇಲೆ, ಮರಳಿಗೆ ನೀರು ಹಾಯಿಸಿದ ಮೇಲೆ ಜಾಡಿ ಪರೀಕ್ಷೆಯನ್ನು ಮತ್ತೆ ಮಾಡಬೇಕು. ಬಿಸಿಲಿಗೆ ರಾಶಿ ಒಣಗುತ್ತಾ ಬಂದರೆ ಬೆಳಗಿನ ಅಂಕಿ ಮಧ್ಯಾಹ್ನಕ್ಕೆ ಹೊಂದದೆಯೂ ಇರಬಹುದು. ಹಾಗೆ ಒಣಗಿದ ಮೇಲೂ ಹಳೆಯ ಹಲಗೆಯನ್ನೇ ಇಟ್ಟುಕೊಂಡರೆ ಈ ಬಾರಿ ಮರಳು ಹೆಚ್ಚಾಗಿ, ಮಿಶ್ರಣ ನೀರು ಬೇಡತೊಡಗುತ್ತದೆ. ತಕ್ಕಡಿ ಇರುವಲ್ಲಿ ಈ ತಾಪತ್ರಯ ಅರ್ಧ ತಪ್ಪುತ್ತದೆ: ಉಬ್ಬು ಎಷ್ಟೇ ಇರಲಿ, ಶೇ. 5 ತೇವದ ಮರಳನ್ನು 88.2 ಕಿಲೋ ತೂಗಿ ಹಾಕಿದರೆ ಅದರಲ್ಲಿ 84 ಕಿಲೋ ಮರಳು ಇದ್ದೇ ಇರುತ್ತದೆ. ಆಗ ಉಳಿಯುವುದು ತೇವದ ಲೆಕ್ಕ, ನೀರಿನಿಂದ ಕಳೆಯಬೇಕಾದ ಆ ಮೂರುವರೆ ಲೀಟರಿನದು.