ಹೆಸರುಕಾಳಿನಷ್ಟು ಮುಖ, ಗುಂಡಿಯಷ್ಟು ಮುಖ

ತೀರ್ಥಹಳ್ಳಿ ಕಡೆಯ ನಮ್ಮ ಅತ್ತೆ ಮನೆಯಲ್ಲಿ ಒತ್ತು ಶಾವಿಗೆ ಮಾಡುವುದನ್ನು ಮೊದಲ ಸಲ ವಿಡಿಯೊ ಮಾಡಿದಾಗ, ಫೋನನ್ನು ಅಡುಗೆಮನೆ ಮೂಲೆಯ ಡಬ್ಬಿಗೆ ಒರಗಿಸಿ ಸುಮ್ನೆ ಬಿಟ್ಟುಬಿಟ್ಟಿದ್ದೆ. ಒಟ್ಟು 14 ನಿಮಿಷ. ಒಲೆ, ಶಾವಿಗೆ ಒತ್ತುವ ಒರಳು, ಅತ್ತೆ, ಚಿಕ್ಕಮ್ಮ, ನಡುವೆ ಹಾದುಹೋದ ಬೆಕ್ಕು, ಎಲ್ಲವೂ ಅದರಲ್ಲಿತ್ತು. ರಾತ್ರಿ ಊಟವಾದ ಮೇಲೆ ತೋರಿಸಿದೆ. ಅತ್ತೆ ಕಣ್ಣು ಕಿರಿದು ಮಾಡಿ ನೋಡಿದರು. "ಎಂತ ಮಾರಾಯ, ಇದ್ರಲ್ಲಿ ನಾನು ಎಲ್ಲಿದೀನಿ?" ಅಂದರು.

ಅವರು ಕೇಳಿದ್ದು ಸರಿಯೇ ಇತ್ತು. ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಫೋನನ್ನು ಅಡ್ಡ ಹಿಡಿದು ಮುಖ್ಯ ಕ್ಯಾಮೆರಾದಲ್ಲಿ ವಿಡಿಯೊ ಮಾಡಿದರೆ, ನಾವು ನಿಂತ ದೂರದ ಸುಮಾರು ಮುಕ್ಕಾಲು ಪಾಲಿನಷ್ಟು ಎತ್ತರ ಫ್ರೇಮಿನೊಳಗೆ ಬರುತ್ತದೆ. ಫೋನಿಂದ ಫೋನಿಗೆ ಸ್ವಲ್ಪ ಹೆಚ್ಚುಕಮ್ಮಿ ಇರಬಹುದು, ಅಷ್ಟೇ. 3 ಮೀಟರ್ ದೂರದಿಂದ ತೆಗೆದರೆ ಸುಮಾರು 2.2 ಮೀಟರ್ ಎತ್ತರ. ನಿಂತ ಮನುಷ್ಯ ತಲೆಯಿಂದ ಕಾಲಿನವರೆಗೆ ಹಿಡಿಸುತ್ತಾನೆ. ಇದು ವೈಡ್ ಶಾಟ್. ಈಗ ಇದನ್ನೇ ಫೋನನ್ನು ನೆಟ್ಟಗೆ ಹಿಡಿದು ನೋಡುತ್ತೇವೆ ಅಂದುಕೊಳ್ಳಿ. ಪರದೆಯಲ್ಲಿ ಚಿತ್ರದ ಎತ್ತರ ಬರೀ 4 ಸೆಂಟಿಮೀಟರ್. ಅದರಲ್ಲಿ ಅತ್ತೆಯ ಮುಖ 4 ಮಿಲಿಮೀಟರ್. ಒಂದು ಹೆಸರುಕಾಳು!

ಹಾಗಾದರೆ ಅಡುಗೆಮನೆಯಲ್ಲಿ ಅದೇ ಮೂಲೆಯಲ್ಲಿ ನಿಂತಿದ್ದ ನನಗೆ ಎಲ್ಲ ಚೆನ್ನಾಗಿ ಕಂಡಿತ್ತಲ್ಲ? ಇದಕ್ಕೆ ಕಾರಣ ನಮ್ಮ ಕಣ್ಣು. ರೆಟಿನಾದ ನಡುವೆ ಫೋವಿಯಾ ಎಂಬ ಚಿಕ್ಕ ಗುಳಿ ಇದೆ. ನಿಜವಾಗಿ ಸ್ಪಷ್ಟವಾಗಿ ಕಾಣುವುದು ಅದರ ಮೇಲೆ ಬಿದ್ದದ್ದು ಮಾತ್ರ. ಕೈಯನ್ನು ಪೂರ್ತಿ ಮುಂದೆ ಚಾಚಿ ಹೆಬ್ಬೆರಳಿನ ಉಗುರು ನೋಡಿ. ಹೆಚ್ಚುಕಡಿಮೆ ಅಷ್ಟೇ ಜಾಗ. ಉಳಿದದ್ದೆಲ್ಲ ಮಸುಕು. ಅದು ನಮಗೆ ತಿಳಿಯದಿರಲು ಕಾರಣ, ಕಣ್ಣು ಸೆಕೆಂಡಿಗೆ ಮೂರು ನಾಲ್ಕು ಸಲ ಜಿಗಿಯುತ್ತಾ ಇರುತ್ತದೆ. ಒಲೆ, ಕೈ, ಮುಖ, ಮತ್ತೆ ಕೈ. 3 ಮೀಟರ್ ದೂರದ ಅತ್ತೆಯ ಮುಖ ನನಗೆ ಆ ಉಗುರಿನ ಎರಡರಷ್ಟು ದೊಡ್ಡದಾಗಿ ಕಂಡಿತ್ತು. ಫೋನಿನಲ್ಲಿ ಅದೇ ಮುಖ ಉಗುರಿನ ಮೂರನೇ ಒಂದು ಪಾಲು. ಆರು ಪಟ್ಟು ಚಿಕ್ಕದು. ಕಣ್ಣು ಅಲ್ಲಿಗೆ ಜಿಗಿದರೂ ನೋಡಲು ಏನೂ ಇಲ್ಲ.

ಅಂದರೆ ಮೂಲೆಯಲ್ಲಿ ನಿಂತ ನನ್ನ ಕಣ್ಣು ಮಾಡುತ್ತಿದ್ದ ಓಡಾಟವನ್ನು ಈಗ ಫೋನು ಮಾಡಬೇಕು. ವೈಡ್, ಮಿಡ್, ಕ್ಲೋಸ್‌ಅಪ್ ಅಂದರೆ ಅದೇ.

ಮುಂದಿನ ಸಲ ಹೋದಾಗ ಮೊದಲು ಕೆಲಸವನ್ನು ಗಮನಿಸಿದೆ. ಅಕ್ಕಿ ನೆನೆಸಿ ರುಬ್ಬಿದ ಹಿಟ್ಟನ್ನು ಬಾಣಲೆಯಲ್ಲಿ ಮಗುಚಿ, ಮುದ್ದೆ ಕಟ್ಟಿ ಬೇಯಿಸುತ್ತಾರೆ. ಬಿಸಿ ಇರುವಾಗಲೇ ಒರಳಿಗೆ ಹಾಕಿ ಒತ್ತಬೇಕು. ಆರಿದರೆ ಮುದ್ದೆ ಗಟ್ಟಿಯಾಗಿ ಒತ್ತಲು ಆಗುವುದಿಲ್ಲ, ಎಳೆಯೂ ತುಂಡಾಗುತ್ತದೆ. ಒಬ್ಬರು ಹಿಡಿ ತಿರುಗಿಸಬೇಕು, ಇನ್ನೊಬ್ಬರು ಕೆಳಗೆ ತಟ್ಟೆ ಹಿಡಿದು ಎಳೆಗಳನ್ನು ಸುತ್ತಿಕೊಳ್ಳಬೇಕು. ಕಥೆ ಇರುವುದು ಈ ಅವಸರದಲ್ಲಿ.

ಇಲ್ಲಿ ವೈಡ್ ಶಾಟ್ ಏನು ಹೇಳಬಲ್ಲದು? ಒಲೆಗೂ ಒರಳಿಗೂ ಎಷ್ಟು ದೂರ, ಯಾರು ಎಲ್ಲಿ ನಿಂತಿದ್ದಾರೆ, ಇಬ್ಬರೇಕೆ ಬೇಕು ಎಂಬುದನ್ನು. ಬಿಸಿ ಮುದ್ದೆ ಹಿಡಿದು ಚಿಕ್ಕಮ್ಮ ಒಲೆಯಿಂದ ಒರಳಿಗೆ ಓಡುವುದನ್ನು ಬೇರೆ ಯಾವ ಶಾಟ್‌ನಲ್ಲೂ ತೋರಿಸಲು ಆಗದು. ಅದಕ್ಕೆ ಆರೇಳು ಸೆಕೆಂಡ್ ಕೊಟ್ಟೆ. ನೋಡುವವರ ಕಣ್ಣು ಇಡೀ ಫ್ರೇಮನ್ನು ಒಮ್ಮೆ ಸುತ್ತಿ ಬರಬೇಕಲ್ಲ.

ಮಿಡ್ ಶಾಟ್‌ಗೆ 1 ಮೀಟರ್ ದೂರದವರೆಗೆ ಹತ್ತಿರ ಹೋದೆ. ಈಗ ಫ್ರೇಮಿನ ಎತ್ತರ 75 ಸೆಂಟಿಮೀಟರ್. ಒರಳಿನ ಹಿಡಿಯಿಂದ ಅತ್ತೆಯ ತಲೆಯವರೆಗೆ ಸರಿಯಾಗಿ ಬಂತು. ಮುಖ ಅಂಗಿ ಗುಂಡಿಯಷ್ಟು ದೊಡ್ಡದಾಯಿತು. ಗುಂಡಿಯಷ್ಟಾದರೆ ಹುಬ್ಬು ಗಂಟಿಕ್ಕಿದ್ದು, ತುಟಿ ಕಚ್ಚಿದ್ದು ಕಾಣುತ್ತದೆ. ಮಿಡ್ ಶಾಟ್‌ನ ಉಪಯೋಗವೇ ಇದು: ಕೈಯೂ ಮುಖವೂ ಒಟ್ಟಿಗೆ ಇರುತ್ತವೆ. ಕೈ ಎಷ್ಟು ಕಷ್ಟಪಡುತ್ತಿದೆ ಎಂದು ಮುಖ ಹೇಳುತ್ತದೆ. ಮನುಷ್ಯರು ಏನಾದರೂ ಮಾಡುತ್ತಿರುವಾಗ ಯಾವ ಶಾಟ್ ಎಂದು ತಿಳಿಯದಿದ್ದರೆ ಇದನ್ನೇ ಇಡಿ ಎನ್ನುತ್ತೇನೆ ನಾನು.

ಕ್ಲೋಸ್‌ಅಪ್‌ನಲ್ಲಿ ತೂತುಗಳಿಂದ ಎಳೆ ಇಳಿಯುವುದು. ಆರಿದ ಮುದ್ದೆಯ ಎಳೆ ತುಂಡಾಗಿ ಬೀಳುವುದನ್ನು ವೈಡ್‌ನಲ್ಲಿ ಯಾರೂ ಕಾಣರು. ಅತ್ತೆಯ ಇಡೀ ಅವಸರಕ್ಕೆ ಕಾರಣ ಆ ತುಂಡು ಎಳೆ. ಆದ್ದರಿಂದ ಅದಕ್ಕೊಂದು ಕ್ಲೋಸ್‌ಅಪ್ ಬೇಕೇ ಬೇಕು. ಎರಡು ಮೂರು ಸೆಕೆಂಡ್ ಸಾಕು, ನೋಡಲು ಇರುವುದು ಒಂದೇ ವಸ್ತು. ಹೊಸಬರು ಇದರಿಂದಲೇ ಶುರು ಮಾಡುವುದುಂಟು, ಚೆಂದ ಕಾಣುತ್ತದೆಂದು. ಒಗಟು ಬೇಕಾದರೆ ಸರಿ. ಇಲ್ಲವಾದರೆ ನೋಡುವವರು 'ಬಿಳಿ ದಾರದಂತಿದೆ, ಏನಿದು?' ಎಂದು ಯೋಚಿಸುತ್ತಾ ಮುಂದಿನದನ್ನು ತಪ್ಪಿಸಿಕೊಳ್ಳುತ್ತಾರೆ.

ಮುಖದ ಕ್ಲೋಸ್‌ಅಪ್ ತೆಗೆಯಲು ಹೋಗಿ ನಾನು ಬೈಸಿಕೊಂಡೆ. ಫೋನನ್ನು 30 ಸೆಂಟಿಮೀಟರ್ ಹತ್ತಿರ ಹಿಡಿದಿದ್ದೆ. ಮೂಗು 30 ಸೆಂಟಿಮೀಟರ್ ದೂರದಲ್ಲಿದ್ದರೆ ಕಿವಿ ಸುಮಾರು 42ರಲ್ಲಿ ಇರುತ್ತದೆ. ಹತ್ತಿರದ್ದು ದೊಡ್ಡದಾಗಿ ಕಾಣುವುದರಿಂದ, ಕಿವಿಗೆ ಹೋಲಿಸಿದರೆ ಮೂಗು ಶೇಕಡಾ 40ರಷ್ಟು ಹಿಗ್ಗುತ್ತದೆ. ಒಂದೂವರೆ ಮೀಟರ್ ದೂರಕ್ಕೆ ಸರಿದರೆ ಆ ಹಿಗ್ಗು ಶೇಕಡಾ 8ಕ್ಕೆ ಇಳಿಯುತ್ತದೆ. ಹಾಗಾಗಿ ಮುಖಕ್ಕೆ ಹಿಂದೆ ಸರಿದು ಜೂಮ್ ಲೆನ್ಸ್ ಬಳಸಬೇಕು. ಅದು ಇಲ್ಲದಿದ್ದರೆ ಎದೆಯವರೆಗಿನ ಶಾಟ್‌ಗೇ ನಿಲ್ಲಿಸುವುದು ಮೇಲು. ಒರಳಿಗೆ ಮೂಗಿಲ್ಲ, ಅದರ ಹತ್ತಿರ ಹೋಗಬಹುದು. ಆದರೆ ತೀರಾ ಹತ್ತಿರ ಹೋದರೆ ಫೋಕಸ್ ತಪ್ಪುತ್ತದೆ, ಹಬೆ ಲೆನ್ಸಿನ ಮೇಲೆ ಕೂರುತ್ತದೆ. ಎಳೆಗಳು ಹಾಲಿನಂತೆ ಮಂಜಾದವೆಂದರೆ ಒರೆಸಿ ಮತ್ತೆ ತೆಗೆಯಿರಿ.

ಜೋಡಿಸುವಾಗ ಇನ್ನೊಂದು ಎಡವಟ್ಟು ಸಿಕ್ಕಿತು. ಒಂದು ಮಿಡ್ ಶಾಟ್ ಆದ ಮೇಲೆ, ಅದೇ ದಿಕ್ಕಿನಿಂದ ಒಂದೆರಡು ಗೇಣು ಹತ್ತಿರದ ಇನ್ನೊಂದನ್ನು ಇಟ್ಟಿದ್ದೆ. ನೋಡಿದರೆ ಅತ್ತೆ ಗಕ್ಕನೆ ಜಿಗಿದಂತೆ ಕಾಣುತ್ತಿತ್ತು. ಎರಡು ಚಿತ್ರಗಳು ತುಂಬ ಹೋಲಿದಾಗ ನಮಗೆ ಅದು ಬೇರೆ ನೋಟ ಅನ್ನಿಸುವುದಿಲ್ಲ, ವಸ್ತುವೇ ಅಲುಗಿತು ಅನ್ನಿಸುತ್ತದೆ. ಮಿಡ್‌ನಿಂದ ನೇರ ಕ್ಲೋಸ್‌ಅಪ್‌ಗೆ ಹೋಗಿ, ಕ್ಯಾಮೆರಾವನ್ನು 30 ಡಿಗ್ರಿಯಷ್ಟಾದರೂ ಪಕ್ಕಕ್ಕೆ ಸರಿಸಿದರೆ ಈ ಜಿಗಿತ ಹೋಗುತ್ತದೆ. ಕಟ್ ಮಾಡುವ ಜಾಗ ಹಿಡಿ ತಿರುಗುತ್ತಿರುವ ಗಳಿಗೆಯಾದರೆ ಇನ್ನೂ ಒಳ್ಳೆಯದು. ಕಣ್ಣು ಚಲನೆಯ ಬೆನ್ನು ಹತ್ತಿರುತ್ತದೆ, ಕಟ್ ಗಮನಕ್ಕೆ ಬರುವುದಿಲ್ಲ.

ಒಂದೇ ಫೋನಿನಲ್ಲಿ ಮೂರೂ ಶಾಟ್ ಹೇಗೆ ಅಂತೀರಾ? ಮುದ್ದೆ ಒಂದೇ ಅಲ್ಲವಲ್ಲ. ಮೊದಲನೆಯದನ್ನು ವೈಡ್‌ನಲ್ಲಿ, ಎರಡನೆಯದನ್ನು ಮಿಡ್‌ನಲ್ಲಿ, ಮೂರನೆಯದನ್ನು ಕ್ಲೋಸ್‌ಅಪ್‌ನಲ್ಲಿ ತೆಗೆದೆ. ಆಮೇಲೆ ಮೂರನ್ನೂ ಹೆಣೆದು ಒಂದೇ ಮುದ್ದೆಯ ಕಥೆ ಮಾಡಿದೆ. 14 ನಿಮಿಷ ಇದ್ದದ್ದು ಒಂದೂವರೆ ನಿಮಿಷಕ್ಕೆ ಇಳಿಯಿತು. ಅತ್ತೆಗೆ ತೋರಿಸಿದೆ. ಈ ಸಲ ತಮ್ಮ ಮುಖ ಹುಡುಕಬೇಕಾಗಲಿಲ್ಲ. ಎರಡನೇ ಸಲ ನೋಡಿ, ಪರದೆಯ ಮೇಲೆ ಬೆರಳಿಟ್ಟರು. "ಅಲ್ಲ ಮಾರಾಯ, ಇಲ್ಲಿ ತಟ್ಟೆ ತುಂಬ ಶಾವಿಗೆ ಉಂಟು. ಮರುಕ್ಷಣಕ್ಕೆ ಖಾಲಿ. ಆಮೇಲೆ ಮತ್ತೆ ತುಂಬಿದೆ. ಯಾರು ತಿಂದ್ರು?"

ತಟ್ಟೆಯನ್ನು ಪ್ರತಿ ಮುದ್ದೆಗೂ ಖಾಲಿ ಮಾಡಿಸಿಕೊಳ್ಳಬೇಕು ಎನ್ನುವುದು ನನಗೆ ಹೊಳೆದೇ ಇರಲಿಲ್ಲ.