ಪಾಸ್‌ವರ್ಡ್ ಸರಿ ಇದ್ದರೂ ಮತ್ತೆ ಲಾಗಿನ್ ಪುಟಕ್ಕೇ ಬರುತ್ತದೆ, ಏನು ಮಾಡಲಿ?

ಸೋಮವಾರಪೇಟೆಯ ಓದುಗರೊಬ್ಬರ ಪ್ರಶ್ನೆ: "ತೋಟದ ಕೆಲಸಕ್ಕೆ ಬೇಕಾದ ಒಂದು ವೆಬ್‌ಸೈಟ್‌ಗೆ ಲಾಗಿನ್ ಆಗಲು ಆಗುತ್ತಿಲ್ಲ. ಪಾಸ್‌ವರ್ಡ್, ಓಟಿಪಿ ಎರಡನ್ನೂ ತೆಗೆದುಕೊಳ್ಳುತ್ತದೆ. ಆಮೇಲೆ ಮತ್ತೆ ಲಾಗಿನ್ ಪುಟವೇ. ಪಾಸ್‌ವರ್ಡ್ ಬದಲಾಯಿಸಿದರೂ ಅದೇ ಕಥೆ."

ಪಾಸ್‌ವರ್ಡ್ ತಪ್ಪಾಗಿದ್ದರೆ ಸಾಮಾನ್ಯವಾಗಿ ಕೆಂಪು ಅಕ್ಷರದಲ್ಲಿ ಒಂದು ಸಾಲು ಬರುತ್ತದೆ. ನಿಮಗೆ ಅದು ಬರುತ್ತಿಲ್ಲ, ಅಲ್ವಾ? ವಿಳಾಸದ ಪಟ್ಟಿಯನ್ನೇ ನೋಡುತ್ತಾ ಇನ್ನೊಮ್ಮೆ ಲಾಗಿನ್ ಮಾಡಿ. ಒಂದು ಕ್ಷಣ ಒಳಗಿನ ಪುಟದ ವಿಳಾಸ ಮಿಂಚಿ ಮತ್ತೆ ಲಾಗಿನ್ ವಿಳಾಸಕ್ಕೆ ತಿರುಗಿದರೆ, ಹಳೇ ಕುಕಿ ಮೇಲೆ ಅನುಮಾನಪಡಬಹುದು.

ಲಾಗಿನ್ ಆದ ಕೂಡಲೇ ವೆಬ್‌ಸೈಟ್ ನಿಮ್ಮ ಬ್ರೌಸರ್ ಕೈಗೆ ಒಂದು ಚೀಟಿ ಕೊಡುತ್ತದೆ. ಅದೇ ಕುಕಿ. ಪ್ರತಿ ಪುಟ ತೆರೆಯುವಾಗಲೂ ಬ್ರೌಸರ್ ಅದನ್ನು ತೋರಿಸಬೇಕು. ಹೊಸ ಚೀಟಿ ಬಂದರೆ ಹಳೆಯದು ಹೋಗಬೇಕು. ಆದರೆ ಕುಕಿಯ ಹೆಸರು, ಅದು ಸೇರಿದ ವಿಳಾಸ, ಆ ಸೈಟಿನೊಳಗಿನ ದಾರಿ ಮೂರೂ ಒಂದೇ ಆಗಿದ್ದರೆ ಮಾತ್ರ ಹಳೆಯದು ಅಳಿಯುತ್ತದೆ. ವೆಬ್‌ಸೈಟಿನವರು ನಡುವೆ ಏನಾದರೂ ಬದಲಾಯಿಸಿದ್ದರೆ ಒಂದೇ ಹೆಸರಿನ ಎರಡು ಚೀಟಿ ಉಳಿಯುತ್ತವೆ. ಬ್ರೌಸರ್ ಎರಡನ್ನೂ ಕಳಿಸುತ್ತದೆ, ಎಷ್ಟೋ ಸಲ ಹಳೆಯದನ್ನೇ ಮುಂದಿಟ್ಟು. ಸರ್ವರ್ ಅದನ್ನು ನೋಡಿ "ಅವಧಿ ಮುಗಿದಿದೆ" ಎಂದು ವಾಪಸ್ ಕಳಿಸುತ್ತದೆ. ಪಾಸ್‌ವರ್ಡ್ ಬದಲಾಯಿಸಿ ಪ್ರಯೋಜನ ಆಗದ್ದು ಇದಕ್ಕೇ.

ಮೊದಲು ಇನ್‌ಕಾಗ್ನಿಟೋ ಕಿಟಕಿಯಲ್ಲಿ ಲಾಗಿನ್ ಮಾಡಿ ನೋಡಿ. ಅಲ್ಲಿ ಹಳೇ ಚೀಟಿ ಇರುವುದಿಲ್ಲ. ಅಲ್ಲಿ ಒಳಗೆ ಬಿಟ್ಟರೆ ತಪ್ಪು ಎಲ್ಲಿದೆ ಎಂದು ಗೊತ್ತಾಯಿತು.

ಈಗ ಆ ವೆಬ್‌ಸೈಟಿನ ಎಲ್ಲ ಟ್ಯಾಬ್‌ಗಳನ್ನೂ ಮುಚ್ಚಿ. ಒಂದು ತೆರೆದಿದ್ದರೂ ಅದು ಹಳೇ ಮಾಹಿತಿಯನ್ನು ಮತ್ತೆ ಬರೆದುಬಿಡಬಹುದು. ಕಂಪ್ಯೂಟರಿನ ಕ್ರೋಮ್‌ನಲ್ಲಿ ಇದನ್ನು ಟೈಪ್ ಮಾಡಿ:

```
chrome://settings/content/all
```

ಹುಡುಕುವ ಜಾಗದಲ್ಲಿ ವೆಬ್‌ಸೈಟಿನ ಹೆಸರು ಹಾಕಿ, ಅದರ ಎದುರಿನ ಕಸದಬುಟ್ಟಿ ಚಿಹ್ನೆ ಒತ್ತಿ. ಆಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲಾದರೆ ಮೂರು ಚುಕ್ಕಿ, Settings, Site settings, All sites ಎಂದು ಹೋಗಿ ಅದೇ ಸೈಟನ್ನು ಹುಡುಕಿ ಅಳಿಸಿ. ಲಾಗಿನ್ ಪುಟದ ವಿಳಾಸ ಬೇರೆ ಇದ್ದರೆ ಅದನ್ನೂ ಅಳಿಸಿ. ಜಾಸ್ತಿ ಜನ ಇದನ್ನೇ ಮರೆಯುತ್ತಾರೆ. ನಂತರ ಹಳೇ ಬುಕ್‌ಮಾರ್ಕ್ ಒತ್ತಬೇಡಿ. ಮುಖ್ಯ ವಿಳಾಸ ಟೈಪ್ ಮಾಡಿಯೇ ಒಳಗೆ ಹೋಗಿ.

ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್ ಇದರಿಂದ ಹೋಗುವುದಿಲ್ಲ. ಆ ಸೈಟಿನಲ್ಲಿ ಅರ್ಧ ತುಂಬಿಟ್ಟ ಅರ್ಜಿ ಮಾತ್ರ ಹೋಗಬಹುದು. ಸುಮ್ನೆ ಎಲ್ಲ ಸೈಟುಗಳ ಕುಕಿಯನ್ನೂ ಒಟ್ಟಿಗೆ ಅಳಿಸಲು ಹೋಗಬೇಡಿ. ಮೇಲ್‌ನಿಂದ ಹಿಡಿದು ಎಲ್ಲ ಕಡೆಯೂ ಮತ್ತೆ ಲಾಗಿನ್ ಆಗಬೇಕಾಗುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಸಿಗ್ನಲ್ಲೂ ಹೋದಾಗ, ಓಟಿಪಿಗಾಗಿ ಫೋನ್ ಹಿಡಿದು ಅಂಗಳದ ತುದಿಗೆ ಹೋಗಿ ನಿಲ್ಲುವ ಕಷ್ಟ ನಮ್ಮ ಕೊಡಗಿನವರಿಗೆ ಹೇಳಿಕೊಡಬೇಕಾಗಿಲ್ಲ.

ಇನ್‌ಕಾಗ್ನಿಟೋದಲ್ಲೂ ಹೀಗೇ ಆದರೆ ಫೋನಿನ ದಿನಾಂಕ, ಗಂಟೆ ಸರಿ ಇದೆಯಾ ನೋಡಿ. ಅದೂ ಸರಿ ಇದ್ದು, ಬೇರೆ ಫೋನಿನಲ್ಲೂ ಒಳಗೆ ಬಿಡದಿದ್ದರೆ ತೊಂದರೆ ಬಹುಶಃ ವೆಬ್‌ಸೈಟಿನ ಕಡೆಯದೇ. ಅವರ ಸಹಾಯವಾಣಿಗೆ ತಿಳಿಸಿ.