ಕೂದಲಿಗೆ ಪಿಆರ್‌ಪಿ: ಎಷ್ಟು ಎಂಎಲ್ ರಕ್ತ ತೆಗೆದರು ಅಂತ ಮೊದಲು ಕೇಳಿ

ನಾನು ಪುಣೆಯಲ್ಲಿ ಚರ್ಮರೋಗ ವಿಭಾಗದಲ್ಲಿ ಪಿಜಿ ಮಾಡುತ್ತಿದ್ದೇನೆ. ಜೂನಿಯರ್‌ಗಳಿಗಾಗಿ ಬರೆದುಕೊಂಡ ಟಿಪ್ಪಣಿ ಇದು. ಇಲ್ಲಿ ಇರುವ ನಮ್ಮ ಹುಬ್ಬಳ್ಳಿ, ಬೆಳಗಾವಿ ಕಡೆಯವರು ಕೂದಲು ಉದುರಿದರೆ ಮೊದಲು ಬೈಯುವುದು ಸೊಸೈಟಿಗೆ ಬರುವ ಟ್ಯಾಂಕರ್ ನೀರನ್ನು. ಆಮೇಲೆ ಕೇಳುವುದು ಪಿಆರ್‌ಪಿ, ಅಂದರೆ ಪ್ಲೇಟ್‌ಲೆಟ್ ರಿಚ್ ಪ್ಲಾಸ್ಮಾ ಬಗ್ಗೆ. ನಮ್ಮದೇ ರಕ್ತ ತೆಗೆದು, ಅದರ ಪ್ಲೇಟ್‌ಲೆಟ್ ಹೆಚ್ಚಿರುವ ಭಾಗವನ್ನು ತಲೆಚರ್ಮಕ್ಕೆ ಚುಚ್ಚುವ ಚಿಕಿತ್ಸೆ ಅದು. ಹಿಂಜೆವಾಡಿಯಲ್ಲಿ ಕೆಲಸ ಮಾಡುವ ನನ್ನ ಕಾಕಾನ ಮಗನೂ ಹಾಗೇ ಫೋನ್ ಮಾಡಿದ. ವಯಸ್ಸು 31. ನಡುನೆತ್ತಿ ತೆಳ್ಳಗಾಗಿದೆ. "ಅಕ್ಕ, ನಮ್ಮದೇ ರಕ್ತ ಅಂತಾರಲ್ಲ, ಮಾಡಿಸಿಕೊಳ್ಳಲೇ?" ಅಂದ.

ರಕ್ತ ನಮ್ಮದೇ, ನಿಜ. ಪ್ಲೇಟ್‌ಲೆಟ್ ಅಂದರೆ ಗಾಯವಾದಾಗ ರಕ್ತ ಹೆಪ್ಪುಗಟ್ಟಿಸುವ ಸಣ್ಣ ಕಣ. ಅದರೊಳಗೆ ಬೆಳವಣಿಗೆಗೆ ಸೂಚನೆ ಕೊಡುವ ಪ್ರೋಟೀನ್‌ಗಳ ಚೀಲಗಳಿರುತ್ತವೆ. ಪ್ಲೇಟ್‌ಲೆಟ್‌ಗಳನ್ನು ಒಟ್ಟುಗೂಡಿಸಿ ತಲೆಚರ್ಮಕ್ಕೆ ಚುಚ್ಚಿದರೆ ಈ ಪ್ರೋಟೀನ್‌ಗಳು ಕೂದಲ ಬುಡದ ಕೋಶಗಳನ್ನು ಚುರುಕು ಮಾಡುತ್ತವೆ, ಕೂದಲು ಬೆಳೆಯುವ ಹಂತ ಉದ್ದವಾಗುತ್ತದೆ ಅನ್ನುವುದು ಲೆಕ್ಕಾಚಾರ. ಪ್ರಯೋಗಶಾಲೆಯಲ್ಲಿ ಇದಕ್ಕೆ ಆಧಾರವಿದೆ. ಆದರೆ ತಲೆಯ ಮೇಲೆ?

2014ರಲ್ಲಿ ಪುಣೆಯದೇ ಒಂದು ಮೆಡಿಕಲ್ ಕಾಲೇಜಿನಿಂದ ಒಂದು ಅಧ್ಯಯನ ಬಂತು. ಅದರಲ್ಲಿದ್ದವರು 11 ಜನ. ಕೂದಲು ಉದುರುವುದಕ್ಕೆ ಹಚ್ಚುವ ಔಷಧ ಮಿನಾಕ್ಸಿಡಿಲ್, ನುಂಗುವ ಮಾತ್ರೆ ಫಿನಾಸ್ಟರೈಡ್, ಇವೆರಡಕ್ಕೂ ಬಗ್ಗದವರು. ಎರಡು ವಾರಕ್ಕೊಮ್ಮೆಯಂತೆ ನಾಲ್ಕು ಸಲ ಪಿಆರ್‌ಪಿ ಕೊಟ್ಟರು. ಒಂದು ಚದರ ಸೆಂಟಿಮೀಟರ್‌ನಲ್ಲಿ ಕೂದಲು ಹುಟ್ಟುವ ಗುಂಪುಗಳನ್ನು ಎಣಿಸಿದಾಗ ಸರಾಸರಿ 71 ಇದ್ದದ್ದು 93 ಆಗಿತ್ತು. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಹೋಲಿಸಲು ಇನ್ನೊಂದು ಗುಂಪೇ ಇರಲಿಲ್ಲ. ಬರೀ ಸೂಜಿ ಚುಚ್ಚಿದ್ದರೆ ಎಷ್ಟಾಗುತ್ತಿತ್ತು ಅಂತ ಅದರಿಂದ ತಿಳಿಯುವುದಿಲ್ಲ.

ಈಗ 2020ರಲ್ಲಿ ಅಮೆರಿಕದಲ್ಲಿ ನಡೆದದ್ದನ್ನು ಪಕ್ಕದಲ್ಲಿಡಿ. ಅಲ್ಲಿ 35 ಜನ. ತಿಂಗಳಿಗೊಮ್ಮೆಯಂತೆ ಮೂರು ಸಲ ಚುಚ್ಚಿದರು. ಹೋಲಿಕೆಗೆ ಸುಮ್ನೆ ಸಲೈನ್, ಅಂದರೆ ಉಪ್ಪುನೀರು. ಪಿಆರ್‌ಪಿ ಬಿದ್ದ ಕಡೆ ಒಂದು ಚದರ ಸೆಂಟಿಮೀಟರ್‌ನಲ್ಲಿ ಕೂದಲ ದಟ್ಟಣೆ 151ರಿಂದ ಸುಮಾರು 171ಕ್ಕೆ ಏರಿತು. ಸಲೈನ್ ಬಿದ್ದ ಕಡೆ? ಅದೂ 151ರಿಂದ ಸುಮಾರು 167ಕ್ಕೆ ಏರಿತು. ಎರಡರ ನಡುವಿನ ವ್ಯತ್ಯಾಸ ಲೆಕ್ಕಕ್ಕೆ ಹಿಡಿಯುವಷ್ಟಿರಲಿಲ್ಲ. ಸಲೈನ್ ಅಂಕಿಯನ್ನು ಮುಚ್ಚಿಟ್ಟು ಮೊದಲ ಸಾಲನ್ನು ಮಾತ್ರ ಓದಿದ್ದರೆ, ಅದೂ ಗೆದ್ದ ಅಧ್ಯಯನದ ಹಾಗೇ ಕಾಣುತ್ತಿತ್ತು.

ಉಪ್ಪುನೀರು ಯಾಕೆ ಕೆಲಸ ಮಾಡೀತು? ಒಂದು ಸುಳಿವು ಮುಂಬೈಯಲ್ಲಿದೆ. ಸಯನ್ ಆಸ್ಪತ್ರೆಯ ರಚಿತಾ ಧುರತ್ ಮತ್ತು ಅವರ ತಂಡ 2013ರಲ್ಲಿ 100 ಗಂಡಸರ ಮೇಲೆ ಒಂದು ಪ್ರಯೋಗ ಮಾಡಿದ್ದರು. ಅರ್ಧ ಜನಕ್ಕೆ ಮಿನಾಕ್ಸಿಡಿಲ್ ಮಾತ್ರ. ಉಳಿದವರಿಗೆ ಮಿನಾಕ್ಸಿಡಿಲ್ ಜೊತೆ ವಾರಕ್ಕೊಮ್ಮೆ ಸೂಜಿಮೊನೆಯ ರೋಲರ್. 12 ವಾರ ಆದಮೇಲೆ ಎಣಿಸಿದಾಗ ರೋಲರ್ ಗುಂಪಿಗೆ ಬಹಳ ಜಾಸ್ತಿ ಕೂದಲು ಬಂದಿತ್ತು. ಚುಚ್ಚಿದ ಸಣ್ಣ ಗಾಯವೇ ಚರ್ಮವನ್ನು ಎಬ್ಬಿಸುತ್ತದೆ ಅನ್ನುವ ಅನುಮಾನಕ್ಕೆ ಇದು ಪುಷ್ಟಿ ಕೊಡುತ್ತದೆ. ಹಾಗಾಗಿ ಪಿಆರ್‌ಪಿ ಲಾಭದಲ್ಲಿ ಸೂಜಿಯ ಪಾಲೆಷ್ಟು, ಪ್ಲೇಟ್‌ಲೆಟ್ ಪಾಲೆಷ್ಟು ಅಂತ ಬಿಡಿಸುವುದು ಕಷ್ಟ.

ಪಿಆರ್‌ಪಿ ಸುಳ್ಳು ಅಂತ ನಾನು ಹೇಳುತ್ತಿಲ್ಲ. 2015ರಲ್ಲಿ ಇಟಲಿಯಲ್ಲಿ 20 ಗಂಡಸರ ತಲೆಯ ಅರ್ಧಕ್ಕೆ ಪಿಆರ್‌ಪಿ, ಇನ್ನರ್ಧಕ್ಕೆ ಸಲೈನ್ ಕೊಟ್ಟು ನೋಡಿದರು. ಅಲ್ಲಿ ಪಿಆರ್‌ಪಿ ಕಡೆಯೇ ಸ್ಪಷ್ಟವಾಗಿ ಗೆದ್ದಿತು. ಹಾಗಾದರೆ ಒಬ್ಬರಿಗೆ ಗೆಲುವು, ಇನ್ನೊಬ್ಬರಿಗೆ ಸೋಲು ಯಾಕೆ? ಒಂದು ದೊಡ್ಡ ಕಾರಣ, ಪಿಆರ್‌ಪಿ ಅನ್ನುವ ಹೆಸರು ಒಂದೇ ಇದ್ದರೂ ಸಿರಿಂಜಿನೊಳಗಿರುವುದು ಒಂದೇ ಅಲ್ಲ.

ತಯಾರಿಕೆ ಹೀಗಿರುತ್ತದೆ. ಹೆಪ್ಪುಗಟ್ಟದಂತೆ ಸಿಟ್ರೇಟ್ ಹಾಕಿದ ಟ್ಯೂಬಿಗೆ ರಕ್ತ ತೆಗೆಯುತ್ತಾರೆ. ಟ್ಯೂಬನ್ನು ಯಂತ್ರದಲ್ಲಿಟ್ಟು ಮೊದಲು ಮೆಲ್ಲಗೆ ತಿರುಗಿಸುತ್ತಾರೆ. ಕೆಂಪು ಕಣ ಕೆಳಗಿಳಿಯುತ್ತದೆ, ಹಳದಿ ದ್ರವ ಮೇಲೆ ನಿಲ್ಲುತ್ತದೆ, ನಡುವೆ ತೆಳು ಬಿಳಿ ಪದರ. ಆ ಮೇಲಿನ ದ್ರವವನ್ನು ಬೇರೆ ಟ್ಯೂಬಿಗೆ ಹಾಕಿ ಮತ್ತೆ ಜೋರಾಗಿ ತಿರುಗಿಸಿದರೆ ಪ್ಲೇಟ್‌ಲೆಟ್ ತಳಕ್ಕೆ ಕೂರುತ್ತದೆ. ಮೇಲಿನ ನೀರಾದ ಪ್ಲಾಸ್ಮಾವನ್ನು ಬಹುಪಾಲು ತೆಗೆದುಬಿಟ್ಟು, ಉಳಿದದ್ದರಲ್ಲಿ ತಳದ ಪ್ಲೇಟ್‌ಲೆಟ್ ಕಲೆಸಿದರೆ ಪಿಆರ್‌ಪಿ ಸಿದ್ಧ. ಮೊದಲ ಸುತ್ತನ್ನೇ ಜೋರಾಗಿ ತಿರುಗಿಸಿದರೆ ಪ್ಲೇಟ್‌ಲೆಟ್ ಕೂಡ ಕೆಂಪು ಕಣದ ಜೊತೆ ಕೆಳಗೆ ಹೋಗಿಬಿಡುತ್ತದೆ. ಆಗ ಚುಚ್ಚುವುದು ಬರೀ ಹಳದಿ ನೀರು. ಕೊನೆಯ ದ್ರವ ಕೆಂಪಗಿದ್ದರೆ ಕೆಂಪು ಕಣ ಬೆರೆತಿದೆ ಅಂತ ಅರ್ಥ.

ಹಿಂಜೆವಾಡಿಯ ಆ ತಮ್ಮನ ಲೆಕ್ಕ ಹಾಕೋಣ. ಅವನ ಪ್ಲೇಟ್‌ಲೆಟ್ ಒಂದು ಮೈಕ್ರೋಲೀಟರ್‌ಗೆ 2.5 ಲಕ್ಷ. ಪಿಆರ್‌ಪಿಯಲ್ಲಿ ಸುಮಾರು 10 ಲಕ್ಷ ಇರಬೇಕು ಅನ್ನುವುದು ಬಹಳ ಜನ ಇಟ್ಟುಕೊಂಡಿರುವ ಗುರಿ.

ಅವನು ವಿಚಾರಿಸಿದ ಮೊದಲ ಕ್ಲಿನಿಕ್ 8 ಎಂಎಲ್ ರಕ್ತ ತೆಗೆದು 4 ಎಂಎಲ್ ಚುಚ್ಚುತ್ತೇವೆ ಅಂದಿತು. ಒಂದೇ ಒಂದು ಪ್ಲೇಟ್‌ಲೆಟ್ ಪೋಲಾಗದಿದ್ದರೂ ದ್ರವ ಅರ್ಧಕ್ಕೆ ಇಳಿದರೆ ಸಾಂದ್ರತೆ ಎರಡರಷ್ಟೇ ಆಗುತ್ತದೆ. ಅಂದರೆ 5 ಲಕ್ಷ. ನಿಜದಲ್ಲಿ ಪೋಲಾಗಿಯೇ ಆಗುತ್ತದೆ. 70 ಪರ್ಸೆಂಟ್ ಸಿಕ್ಕಿತು ಅಂದುಕೊಂಡರೆ 3.5 ಲಕ್ಷ. ಮೈಯಲ್ಲಿ ಇದ್ದದ್ದಕ್ಕಿಂತ ಸ್ವಲ್ಪವೇ ಜಾಸ್ತಿ! ಇದೇ ಲೆಕ್ಕದಲ್ಲಿ 20 ಎಂಎಲ್ ರಕ್ತವನ್ನು 3 ಎಂಎಲ್‌ಗೆ ಇಳಿಸಿದರೆ 11.7 ಲಕ್ಷ ಬರುತ್ತದೆ. ಗುಣಾಕಾರ ಬಿಟ್ಟರೆ ಇದಕ್ಕೆ ಬೇರೇನೂ ಬೇಡ. ಕ್ಲಿನಿಕ್‌ನವರು ಯಂತ್ರದ ಹೆಸರನ್ನು ಎಷ್ಟೇ ಹೊಗಳಲಿ, ಎಷ್ಟು ಎಂಎಲ್ ತೆಗೆಯುತ್ತೀರಿ, ಎಷ್ಟು ಎಂಎಲ್ ಚುಚ್ಚುತ್ತೀರಿ ಅಂತ ಕೇಳಿದರೆ ಅರ್ಧ ವಿಷಯ ತಿಳಿಯುತ್ತದೆ.

ಯಾರಿಗೆ ಉಪಯೋಗ ಅನ್ನುವುದು ಕೂದಲ ಬುಡ ಜೀವಂತ ಇದೆಯೋ ಇಲ್ಲವೋ ಅನ್ನುವುದರ ಮೇಲೆ ನಿಂತಿದೆ. ವಂಶದಿಂದ ಬಂದ ತೆಳುವಾಗುವಿಕೆಯಲ್ಲಿ ಕೂದಲು ಒಮ್ಮೆಲೇ ಹೋಗುವುದಿಲ್ಲ. ದಪ್ಪ ಕೂದಲು ವರ್ಷ ಕಳೆದಂತೆ ನವಿರಾಗುತ್ತದೆ. ಚರ್ಮವನ್ನು ದೊಡ್ಡದಾಗಿ ತೋರಿಸುವ ಡರ್ಮೋಸ್ಕೋಪ್ ಹಿಡಿದು ನೋಡಿದರೆ ಒಂದೇ ಜಾಗದಲ್ಲಿ ದಪ್ಪ, ತೆಳು ಎರಡೂ ಕಾಣುತ್ತವೆ. ಆ ತೆಳು ಕೂದಲಿಗೇ ಪಿಆರ್‌ಪಿ ನೆರವಾಗಬಹುದು. ಬೋಳಾಗಿ ಮಿರಿಮಿರಿ ಮಿಂಚುವ ತಲೆಗೆ, ಅಥವಾ ಬುಡವೇ ಕಲೆಗಟ್ಟಿ ಮುಚ್ಚಿಹೋಗುವ ರೋಗಕ್ಕೆ ಅದರಿಂದ ಹೊಸ ಕೂದಲು ಹುಟ್ಟುವುದಿಲ್ಲ.

ಇನ್ನು ಡೆಂಗಿ ಬಂದು ಎರಡು ಮೂರು ತಿಂಗಳಾದ ಮೇಲೆ ಹಿಡಿ ಹಿಡಿಯಾಗಿ ಉದುರುವುದು. ಮಳೆಗಾಲ ಮುಗಿದ ಮೇಲೆ ನಮ್ಮ ಒಪಿಡಿಯಲ್ಲಿ ಇಂಥವರು ಜಾಸ್ತಿ. ಇದು ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ತಾನೇ ಸರಿಹೋಗುತ್ತದೆ. ಆಗ ಪಿಆರ್‌ಪಿ ಮಾಡಿಸಿದವರು ಅದರಿಂದಲೇ ಬಂತು ಅಂತ ಊರಿಗೆಲ್ಲ ಹೇಳುತ್ತಾರೆ! ಹೆಂಗಸರಲ್ಲಿ ಒಟ್ಟಾರೆ ಉದುರುತ್ತಿದ್ದರೆ ಮೈಯಲ್ಲಿ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್, ಜೊತೆಗೆ ಥೈರಾಯ್ಡ್ ಮೊದಲು ನೋಡಿ. ಪ್ಲೇಟ್‌ಲೆಟ್ ಕಡಿಮೆ ಇರುವವರು, ರಕ್ತದ ಕಾಯಿಲೆ ಇರುವವರು, ತಲೆಚರ್ಮದಲ್ಲಿ ಸೋಂಕು ಇರುವವರು ಇದಕ್ಕೆ ಕೈಹಾಕಬಾರದು. ರಕ್ತ ತೆಳುಮಾಡುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಬೇಕು, ತಾವಾಗಿ ನಿಲ್ಲಿಸಬಾರದು.

ತಮ್ಮನ ನಡುನೆತ್ತಿಯಲ್ಲಿ ತೆಳು ಕೂದಲು ಸಾಕಷ್ಟಿತ್ತು. ಆದರೆ ಅವನು ಮಿನಾಕ್ಸಿಡಿಲ್ ಅನ್ನು ಎರಡು ತಿಂಗಳು ಹಚ್ಚಿ ಬಿಟ್ಟಿದ್ದ. ಶುರುವಿನಲ್ಲಿ ಉದುರುವುದು ಜಾಸ್ತಿಯಾಗಿ ಹೆದರಿದನಂತೆ. ಅದು ಆಗುವಂಥದ್ದೇ, ಹಳೆ ಕೂದಲು ಹೊಸದಕ್ಕೆ ಜಾಗ ಬಿಡುತ್ತದೆ. ಮೊದಲು ಅದನ್ನು ಆರು ತಿಂಗಳು ತಪ್ಪದೆ ಹಚ್ಚು, ಫಿನಾಸ್ಟರೈಡ್ ಬಗ್ಗೆ ಡಾಕ್ಟರ ಹತ್ತಿರ ಮಾತಾಡು ಅಂದೆ. ಆಮೇಲೂ ಬೇಕೆನಿಸಿದರೆ ಅದರ ಜೊತೆಗೆ ಪಿಆರ್‌ಪಿ, ತಿಂಗಳಿಗೊಂದರಂತೆ ಮೂರು. ಉಳಿಸಿಕೊಳ್ಳಲು ಆಮೇಲೂ ಆಗಾಗ ಮಾಡಿಸುತ್ತಿರಬೇಕು, ಆ ಖರ್ಚನ್ನೂ ಇವತ್ತೇ ಲೆಕ್ಕಕ್ಕೆ ಹಿಡಿ ಅಂದೆ. ಒಂದೇ ಬೆಳಕಿನಲ್ಲಿ, ಒಂದೇ ಬೈತಲೆ ತೆಗೆದು, ಒಣಗಿದ ಕೂದಲಿನ ಫೋಟೋ ತೆಗೆದಿಡಲು ಹೇಳಿದೆ. ಒದ್ದೆ ತಲೆಯ ಫೋಟೋ "ಮೊದಲು", ಪೌಡರ್ ಹಾಕಿ ಬಾಚಿದ ಫೋಟೋ "ಆಮೇಲೆ" ಅಂತ ತೋರಿಸುವವರನ್ನು ನಾನೇ ನೋಡಿದ್ದೇನೆ.

ಅವನು ಎರಡನೇ ಕ್ಲಿನಿಕ್‌ಗೆ ಫೋನ್ ಮಾಡಿ ಎಷ್ಟು ಎಂಎಲ್ ತೆಗೆಯುತ್ತೀರಿ, ಎಷ್ಟು ಚುಚ್ಚುತ್ತೀರಿ ಅಂತ ಕೇಳಿದ. "ಸರ್, ಅದೆಲ್ಲ ನಮ್ಮ ಮಷಿನ್ ನೋಡಿಕೊಳ್ಳುತ್ತದೆ" ಅಂದರಂತೆ.